ರೆಸ್ಯೂಮ್‌ನ ಮೊದಲ ನಾಲ್ಕು ಸಾಲು: ವಯಸ್ಸು, ಮದುವೆ, ಫೋಟೊ ಬರೆಯಬೇಕೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಐಟಿಐ, ಡಿಪ್ಲೊಮಾ, ಪದವಿ ಮುಗಿಸಿ ತಮ್ಮ ಜಿಲ್ಲೆಯಲ್ಲೇ ಕೆಲಸ ಹುಡುಕುತ್ತಿರುವ ಎಲ್ಲರಿಗೆ,

ರೆಸ್ಯೂಮ್‌ನ ಸಾರಾಂಶವೆಂದರೆ ಹೆಸರು ಮತ್ತು ಫೋನ್ ನಂಬರಿನ ಕೆಳಗೆ ಬರುವ ಮೂರು–ನಾಲ್ಕು ಸಾಲು. ಕೆಲಸ ಕೊಡುವವರು ಪೂರ್ತಿ ಓದುವುದು ಬಹುತೇಕ ಆ ಸಾಲುಗಳನ್ನು ಮಾತ್ರ. ಉಳಿದದ್ದರ ಮೇಲೆ ಕಣ್ಣಾಡಿಸುತ್ತಾರೆ. ಜಿಲ್ಲೆಯ ಜೆರಾಕ್ಸ್ ಅಂಗಡಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಸಿದ್ಧವಾಗುವ ಅನೇಕ ರೆಸ್ಯೂಮ್‌ಗಳಲ್ಲಿ ಈ ಜಾಗವನ್ನು ತುಂಬುವುದು ಹಳೆಯ ಬಯೋಡೇಟಾ ಫಾರಂನ ಕಾಲಂಗಳು: ಬಲ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ, ಕೆಳಗೆ ತಂದೆಯ ಹೆಸರು, ಜನ್ಮ ದಿನಾಂಕ, ವೈವಾಹಿಕ ಸ್ಥಿತಿ, ಧರ್ಮ, ರಾಷ್ಟ್ರೀಯತೆ. ಕಂಪ್ಯೂಟರಿನಲ್ಲಿ ಒಬ್ಬರದ್ದು ಉಳಿಸಿಟ್ಟ ಫೈಲನ್ನೇ ತೆರೆದು, ಹೆಸರು ಬದಲಿಸಿ, ಇನ್ನೊಬ್ಬರಿಗೆ ಕೊಡುವುದರಿಂದ ಈ ಕಾಲಂಗಳು ತಲೆಮಾರಿನಿಂದ ತಲೆಮಾರಿಗೆ ಹಾಗೇ ದಾಟುತ್ತಿವೆ. ಯಾರೂ ಕೂತು ಇವು ಬೇಕೇ ಬೇಡವೇ ಎಂದು ನಿರ್ಧರಿಸಿದ್ದಲ್ಲ. ಆ ನಿರ್ಧಾರವನ್ನು ಪ್ರತಿಯೊಬ್ಬ ಅಭ್ಯರ್ಥಿಯೂ ತಾನೇ ಮಾಡಬೇಕು, ಅದೂ ತಾನು ಅರ್ಜಿ ಹಾಕುತ್ತಿರುವ ಕೆಲಸವನ್ನು ನೋಡಿ.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳು ಇಲ್ಲಿ ಗೊಂದಲ ಹುಟ್ಟಿಸುತ್ತವೆ. ವಯಸ್ಸು, ಮದುವೆ, ಫೋಟೊ ಯಾವುದನ್ನೂ ಎಂದೂ ಹಾಕಬಾರದು ಎನ್ನುವ ಮಾತು ಹೆಚ್ಚಾಗಿ ಅಮೆರಿಕ, ಬ್ರಿಟನ್ನಿನಿಂದ ಬಂದದ್ದು. ಅಮೆರಿಕದಲ್ಲಿ 1967ರಿಂದಲೂ 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ತಿರಸ್ಕರಿಸುವುದರ ವಿರುದ್ಧ ಕಾನೂನಿದೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ವಯಸ್ಸಿನ ಜೊತೆಗೆ ಮದುವೆಯೂ ಸೇರಿದೆ. ಅಲ್ಲಿ ಕಂಪನಿಗಳಿಗೇ ಇಂಥ ವಿವರ ಕಣ್ಣಿಗೆ ಬೀಳುವುದು ಬೇಡ, ಏಕೆಂದರೆ ನಾಳೆ ಅದೇ ಮೊಕದ್ದಮೆಗೆ ಸಾಕ್ಷಿಯಾದೀತು. ಭಾರತದಲ್ಲಿ ಪರಿಸ್ಥಿತಿ ಬೇರೆ. ಸಂವಿಧಾನದ 14, 15, 16ನೇ ವಿಧಿಗಳು ಸರ್ಕಾರವನ್ನು ಕಟ್ಟಿಹಾಕುತ್ತವೆ. ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಡುವ ಪ್ರತ್ಯೇಕ ಕಾಯ್ದೆಗಳಿವೆ. ಆದರೆ ಖಾಸಗಿ ಮಾಲೀಕ ಅಭ್ಯರ್ಥಿಯ ವಯಸ್ಸನ್ನಾಗಲಿ, ಮದುವೆಯನ್ನಾಗಲಿ ಕೇಳಬಾರದು ಎಂದು ನೇರವಾಗಿ ತಡೆಯುವ ಸಾಮಾನ್ಯ ಕಾನೂನು ಇಲ್ಲಿಲ್ಲ. ಆದ್ದರಿಂದ ಕೊಪ್ಪಳದ ಅಭ್ಯರ್ಥಿ ಈ ವಿವರಗಳನ್ನು ಬಿಡುವುದಾದರೆ ಕಾನೂನಿನ ಹೆದರಿಕೆ ಅದಕ್ಕೆ ಕಾರಣವಾಗಲಾರದು. ಆ ವಿವರ ಅಲ್ಲಿದ್ದು ಏನು ಕೆಲಸ ಮಾಡುತ್ತದೆ ಎನ್ನುವುದೇ ಕಾರಣವಾಗಬೇಕು.

ಇದನ್ನು ಅಳೆಯುವ ದಾರಿ ಒಂದಿದೆ. ಪ್ರತಿ ವಿವರದ ಹಿಂದೆಯೂ ಮಾಲೀಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ವಯಸ್ಸು ಕೇಳುವವನಿಗೆ ಬೇಕಾದದ್ದು ಹುಟ್ಟಿದ ದಿನವಲ್ಲ. ಈ ಕೆಲಸ ಆಗುತ್ತದೆಯೇ, ಈ ಸಂಬಳಕ್ಕೆ ಒಪ್ಪುತ್ತಾರೆಯೇ ಎಂಬುದು. ಮದುವೆ ಕೇಳುವವನಿಗೆ ಬೇಕಾದದ್ದು ಎಷ್ಟು ದಿನ ಉಳಿಯುತ್ತಾರೆ, ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ ಎಂಬುದು. ಸಾರಾಂಶದಲ್ಲಿ ಬರಬೇಕಾದದ್ದು ಆ ಪ್ರಶ್ನೆಗೆ ಉತ್ತರ. ವೈಯಕ್ತಿಕ ವಿವರ ಕೊಟ್ಟು ಉತ್ತರವನ್ನು ಊಹೆಗೆ ಬಿಟ್ಟರೆ, ಆ ಊಹೆ ಹೆಚ್ಚಿನ ಸಲ ಅಭ್ಯರ್ಥಿಗೆ ವಿರುದ್ಧವಾಗಿಯೇ ನಡೆಯುತ್ತದೆ.

ಮೊದಲು ವಯಸ್ಸು. ಇದನ್ನು ಮಾಲೀಕ ತಿಳಿಯಲೇಬೇಕಾದ ಸಂದರ್ಭಗಳಿವೆ. ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರದ ಸುತ್ತಲಿನ ಉಕ್ಕು, ಮೆದುಕಬ್ಬಿಣದ ಕಾರ್ಖಾನೆಗಳಲ್ಲಿ ಕುಲುಮೆ, ಕ್ರಷರ್, ಕ್ರೇನುಗಳ ನಡುವೆ ಕೆಲಸ. ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ 18 ತುಂಬದವರನ್ನು ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಸುವಂತಿಲ್ಲ. ಹದಿನಾರಕ್ಕೇ ಎಸ್ಸೆಸ್ಸೆಲ್ಸಿ ಮುಗಿಸಿ, ಐಟಿಐ ಮಾಡಿ ನೇರ ಗೇಟಿಗೆ ಬರುವ ಹುಡುಗರಲ್ಲಿ ಕೆಲವರಿಗೆ ಇನ್ನೂ 18 ತುಂಬಿರುವುದಿಲ್ಲ ಅಥವಾ ಆಗಷ್ಟೇ ತುಂಬಿರುತ್ತದೆ. ಅವರ ಮಟ್ಟಿಗೆ ವಯಸ್ಸು ನಿಜವಾದ ಅರ್ಹತೆ. ಅವರಲ್ಲಿ 18 ತುಂಬಿದವರು ‘18 ವರ್ಷ ಪೂರ್ಣಗೊಂಡಿದೆ’ ಎಂದು ಒಂದೇ ಮಾತಿನಲ್ಲಿ ಸಾರಾಂಶದಲ್ಲೇ ಹೇಳುವುದು ಲಾಭ. ಮಾಲೀಕನ ಅನುಮಾನ ಅಲ್ಲಿಗೇ ತೀರುತ್ತದೆ.

ಅಪ್ರೆಂಟಿಸ್, ಟ್ರೇನಿ ಹುದ್ದೆಗಳ ಪ್ರಕಟಣೆಯಲ್ಲಿ ‘18ರಿಂದ 25’ ಎಂಬಂಥ ಮಿತಿ ಹಾಕಿದ್ದರೂ ಇದೇ ಮಾತು. ಮಿತಿ ಬರೆದಿದ್ದಾರೆ ಎಂದ ಮೇಲೆ ಜನ್ಮ ದಿನಾಂಕ ಕೊಡಬೇಕು. ಅದನ್ನು ಮುಚ್ಚಿಟ್ಟು ಸಂದರ್ಶನದವರೆಗೆ ಹೋದರೆ ಬಸ್ ಚಾರ್ಜು ಕಳೆಯುವುದಷ್ಟೇ ಆಗುತ್ತದೆ. ಆದರೆ ಅದಕ್ಕೆ ಜಾಗ ಸಾರಾಂಶವಲ್ಲ, ಪುಟದ ಕೊನೆಯ ಸಾಲು. ಪ್ರಕಟಣೆಯಲ್ಲಿ ಮಿತಿಯೇ ಇಲ್ಲದಿದ್ದರೆ, ಅಭ್ಯರ್ಥಿ 18 ದಾಟಿರುವುದು ಓದಿನಿಂದಲೇ ಸ್ಪಷ್ಟವಿದ್ದರೆ, ವಯಸ್ಸು ಬರೆಯುವ ಅಗತ್ಯವೇ ಇಲ್ಲ.

ಇಲ್ಲಿ ಅನೇಕರು ಗಮನಿಸದ ಒಂದು ಸಂಗತಿ ಇದೆ. ವಯಸ್ಸಿನ ಕಾಲಂ ತೆಗೆದು, ಓದಿನ ಪಟ್ಟಿಯಲ್ಲಿ ‘ಎಸ್ಸೆಸ್ಸೆಲ್ಸಿ, 2004’ ಎಂದು ಬಿಟ್ಟರೆ ಏನನ್ನೂ ತೆಗೆದಂತಾಗಲಿಲ್ಲ. ಹದಿನಾರು ಕಳೆದರೆ ಹುಟ್ಟಿದ್ದು 1988ರ ಆಸುಪಾಸು ಎಂದು ಯಾರು ಬೇಕಾದರೂ ಲೆಕ್ಕ ಹಾಕುತ್ತಾರೆ. ಹೊಸದಾಗಿ ಓದು ಮುಗಿಸಿದವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಮೂವತ್ತೈದು ದಾಟಿ, ಸ್ವಲ್ಪ ಕಾಲ ಹೊಲ–ಮನೆ ನೋಡಿಕೊಂಡು, ಮತ್ತೆ ಕೆಲಸಕ್ಕೆ ಬರುತ್ತಿರುವವರು ಕೊನೆಯ ಪದವಿ ಅಥವಾ ತರಬೇತಿಯನ್ನು ಮಾತ್ರ ಬರೆದು, ಅದಕ್ಕಿಂತ ಹಿಂದಿನ ವರ್ಷಗಳನ್ನು ಬಿಡಬಹುದು. ಅವರ ಸಾರಾಂಶದಲ್ಲಿ ವಯಸ್ಸಿನ ಬದಲು ಅನುಭವದ ವರ್ಷಗಳು ಇರಬೇಕು. ‘38 ವರ್ಷ’ ಎಂದು ಓದಿದವನು ತನ್ನ ಮನಸ್ಸಿನಲ್ಲಿ ಸಂಬಳದ ಲೆಕ್ಕ ಹಾಕುತ್ತಾನೆ. ‘ವೆಲ್ಡಿಂಗ್‌ನಲ್ಲಿ 12 ವರ್ಷ’ ಎಂದು ಓದಿದವನು ಕೆಲಸದ ಲೆಕ್ಕ ಹಾಕುತ್ತಾನೆ. ಮನುಷ್ಯ ಒಬ್ಬನೇ ಆದರೂ ಓದುವವನ ಯೋಚನೆ ಹಿಡಿಯುವ ದಾರಿ ಬೇರೆ.

ಜನ್ಮ ದಿನಾಂಕ ಬರೆಯುವುದೇ ಆದರೆ ಯಾವ ದಿನಾಂಕ ಎಂಬುದು ಈ ಭಾಗದಲ್ಲಿ ಸಣ್ಣ ಪ್ರಶ್ನೆಯಲ್ಲ. ಹಳ್ಳಿಯ ಶಾಲೆಗಳಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಮಾಸ್ತರರು ಅಂದಾಜಿನಿಂದ ಜೂನ್ 1 ಎಂದು ಬರೆದುಕೊಂಡ ಮಕ್ಕಳು ಬಹಳ. ಮುಂದೆ ಆಧಾರ್ ಮಾಡಿಸುವಾಗ ಮನೆಯವರು ಬೇರೆ ದಿನಾಂಕ ಹೇಳಿರುತ್ತಾರೆ, ಇಲ್ಲವೇ ವರ್ಷ ಮಾತ್ರ ದಾಖಲಾಗಿರುತ್ತದೆ. ರೆಸ್ಯೂಮ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಕೆಲಸ ಸಿಕ್ಕ ಮೇಲೆ ಭವಿಷ್ಯನಿಧಿ ಖಾತೆಯಲ್ಲಿ ತಡೆ ಬೀಳುತ್ತದೆ. ವರ್ಷಗಳ ನಂತರ ಹಣ ಹಿಂಪಡೆಯುವಾಗ ಅದು ಹೊರಬರುತ್ತದೆ. ಭವಿಷ್ಯನಿಧಿ ಸಂಸ್ಥೆ 2024ರ ಜನವರಿಯಲ್ಲಿ ಜನ್ಮ ದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ಕೈಬಿಟ್ಟಿತು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲಾ ವರ್ಗಾವಣೆ ಪತ್ರ ನಡೆಯುತ್ತವೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ವಯಸ್ಸಿನ ನಿರ್ಧಾರಕ್ಕೆ ಆಧಾರ್‌ಗಿಂತ ಶಾಲಾ ದಾಖಲೆಯೇ ಸರಿ ಎಂದು ಹೇಳಿತು. ಹಾಗಾಗಿ ರೆಸ್ಯೂಮ್‌ನಲ್ಲಿ ಬರೆಯುವ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯದ್ದೇ ಆಗಿರಲಿ, ಆಧಾರ್ ಅದಕ್ಕೆ ಹೊಂದದಿದ್ದರೆ ಕೆಲಸ ಹುಡುಕುವ ಮೊದಲೇ ತಿದ್ದುಪಡಿ ಮಾಡಿಸುವುದು ಒಳಿತು.

ಸರ್ಕಾರಿ ಹುದ್ದೆಗಳ ವಿಷಯ ಇದರಿಂದ ಹೊರಗಿನದು. ಅಲ್ಲಿ ರೆಸ್ಯೂಮ್ ಯಾರೂ ಕೇಳುವುದಿಲ್ಲ. ಅರ್ಜಿ ನಮೂನೆಯೇ ವಯಸ್ಸು, ಫೋಟೊ, ಸಹಿ ಎಲ್ಲವನ್ನೂ ಕೇಳುತ್ತದೆ. 371(ಜೆ) ಪ್ರಮಾಣಪತ್ರ ಕೆಲಸಕ್ಕೆ ಬರುವುದೂ ಅಲ್ಲಿಯೇ. ಖಾಸಗಿ ಕಾರ್ಖಾನೆಗೆ ಕಳಿಸುವ ರೆಸ್ಯೂಮ್‌ಗೆ ಅದನ್ನು ಲಗತ್ತಿಸಿದರೆ ತಂದೆಯ ಹೆಸರು, ವಿಳಾಸಗಳಿರುವ ಕಾಗದವೊಂದು ಕಾರಣವಿಲ್ಲದೆ ಊರೂರು ತಿರುಗುತ್ತದೆ.

ಮದುವೆಯ ಕಾಲಂ ಹೆಚ್ಚು ಕಠಿಣವಾದದ್ದು, ಏಕೆಂದರೆ ಅದು ಗಂಡಸಿಗೆ ಮಾಡುವುದೇ ಬೇರೆ, ಹೆಂಗಸಿಗೆ ಮಾಡುವುದೇ ಬೇರೆ. ‘ವಿವಾಹಿತ’ ಎಂದು ಗಂಡಸು ಬರೆದರೆ ಜವಾಬ್ದಾರಿಯುಳ್ಳವನು, ಕೆಲಸ ಬಿಟ್ಟು ಹೋಗುವುದಿಲ್ಲ ಎಂದು ಓದಿಕೊಳ್ಳುತ್ತಾರೆ. ‘ವಿವಾಹಿತೆ’ ಎಂದು ಹೆಂಗಸು ಬರೆದರೆ ರಜೆ, ಹೆರಿಗೆ, ಮನೆಯ ತಾಪತ್ರಯ ಎಂದು ಓದಿಕೊಳ್ಳುತ್ತಾರೆ. ‘ಅವಿವಾಹಿತೆ’ ಎಂದು ಬರೆದರೂ ಬಿಡುಗಡೆಯಿಲ್ಲ: ನಾಳೆ ಲಗ್ನವಾಗಿ ಬೇರೆ ಊರಿಗೆ ಹೋಗುತ್ತಾಳೆ, ಕಲಿಸಿದ್ದೆಲ್ಲ ವ್ಯರ್ಥ ಎಂಬ ಲೆಕ್ಕ. ಎರಡು ಉತ್ತರಗಳಲ್ಲಿ ಯಾವುದನ್ನು ಬರೆದರೂ ನಷ್ಟವೇ ಆಗುವ ಕಾಲಮ್ಮನ್ನು ಸ್ವಂತ ಕೈಯಿಂದ ರೆಸ್ಯೂಮ್‌ನ ತಲೆಯ ಮೇಲೆ ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಈ ಲೆಕ್ಕ ಹಳ್ಳಿಯ ಮಾಲೀಕನದ್ದು ಮಾತ್ರ ಎಂದು ತಿಳಿಯಬಾರದು. ದೇಶದ ವಿದೇಶಾಂಗ ಸೇವೆಯ ನಿಯಮದಲ್ಲೇ ಅದು ಬರೆದಿತ್ತು. ಕೊಡಗಿನ ಸಿ. ಬಿ. ಮುತ್ತಮ್ಮ 1949ರಲ್ಲಿ ಆ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗುವ ಮುನ್ನ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ರಾಜೀನಾಮೆ ಕೇಳಬಹುದು, ವಿವಾಹಿತೆಗೆ ನೇಮಕಾತಿಯ ಹಕ್ಕೇ ಇಲ್ಲ ಎಂಬ ನಿಯಮಗಳು ಅಲ್ಲಿದ್ದವು. ಗಂಡಸರಿಗೆ ಇಂಥ ಷರತ್ತಿರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ನಿಯಮಗಳನ್ನು ಕಟುವಾಗಿ ಖಂಡಿಸಿತು. ಸರ್ಕಾರ ಅವನ್ನು ಕೈಬಿಟ್ಟಿತು. ಮದುವೆಯ ಕಾರಣಕ್ಕೆ 1988ರಲ್ಲಿ ಸೇನಾ ಶುಶ್ರೂಷಾ ಸೇವೆಯಿಂದ ಹೊರಹಾಕಲಾಗಿದ್ದ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಹೇಳಿತು.

ಇವೆಲ್ಲ ಸರ್ಕಾರಿ ನೌಕರಿಯ ಪ್ರಕರಣಗಳು. ಖಾಸಗಿ ವಲಯದಲ್ಲಿ ಏನಾಗುತ್ತದೆ ಎಂಬುದಕ್ಕೆ 2024ರ ಜೂನ್‌ನಲ್ಲಿ ಹೊರಬಂದ ರಾಯಿಟರ್ಸ್ ವರದಿ ಉದಾಹರಣೆ. ಚೆನ್ನೈ ಸಮೀಪದ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯ ಜೋಡಣೆ ವಿಭಾಗಕ್ಕೆ ವಿವಾಹಿತ ಮಹಿಳೆಯರನ್ನು ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅದು ಹೇಳಿತು. ಕೇಂದ್ರ ಕಾರ್ಮಿಕ ಸಚಿವಾಲಯ ತಮಿಳುನಾಡು ಸರ್ಕಾರದಿಂದ ವರದಿ ಕೇಳಿತು. ಆಗ ನೆರವಿಗೆ ಬಂದದ್ದು 1976ರ ಸಮಾನ ವೇತನ ಕಾಯ್ದೆ. ನೇಮಕಾತಿಯಲ್ಲಿ ಮಹಿಳೆ ಎಂಬ ಕಾರಣಕ್ಕೆ ಭೇದ ಮಾಡಬಾರದು ಎಂದು ಅದು ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಆ ತತ್ವ ಇದೆ. ಮದುವೆಯಾದ ಗಂಡಸನ್ನು ತೆಗೆದುಕೊಂಡು ಮದುವೆಯಾದ ಹೆಂಗಸನ್ನು ಮಾತ್ರ ಬಿಟ್ಟರೆ ಅದು ಲಿಂಗಭೇದವೇ. ಆದರೆ ಇದನ್ನು ಸಾಬೀತು ಮಾಡುವುದು ಕಷ್ಟ. ಕಾರಣವನ್ನು ಯಾರೂ ಕಾಗದದ ಮೇಲೆ ಬರೆದು ಕೊಡುವುದಿಲ್ಲ, ಕರೆ ಬರುವುದಿಲ್ಲ ಅಷ್ಟೆ. ಕಾನೂನು ತಲುಪದ ಈ ಹಂತದಲ್ಲಿ ಅಭ್ಯರ್ಥಿಗೆ ಇರುವ ರಕ್ಷಣೆ ವಿವರವನ್ನು ಕೊಡದಿರುವುದು.

ಮಾಲೀಕನ ಪ್ರಶ್ನೆ ಮಾತ್ರ ಹಾಗೇ ಉಳಿದಿರುತ್ತದೆ. ಅದಕ್ಕೆ ಉತ್ತರ ಕೊಡಲೇಬೇಕು. ಹೊತ್ತಿನ ಪ್ರಶ್ನೆಗೆ ಪಾಳಿ ಬರೆಯಬಹುದು: ‘ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗೆ ಸಿದ್ಧ’. ದೂರದ ಪ್ರಶ್ನೆಗೆ ಊರು: ‘ವಾಸ ಕುಕನೂರು, ಭಾನಾಪುರಕ್ಕೆ ದಿನವೂ ಬಂದುಹೋಗಲು ಅನುಕೂಲವಿದೆ’. ಉಳಿಯುವ ಪ್ರಶ್ನೆಗೆ ಹಿಂದಿನ ದಾಖಲೆ: ‘ಹಿಂದಿನ ಕೆಲಸದಲ್ಲಿ ಸತತ ನಾಲ್ಕು ವರ್ಷ’. ಹೊಸಬರಾದರೆ ಕಾಲೇಜಿನ ಹಾಜರಾತಿ, ಮುಗಿಸಿದ ತರಬೇತಿ. ಇಷ್ಟು ಓದಿದ ಮೇಲೆ ಮದುವೆ ಆಗಿದೆಯೋ ಇಲ್ಲವೋ ಎಂಬುದರಿಂದ ಮಾಲೀಕನಿಗೆ ಹೊಸದಾಗಿ ತಿಳಿಯುವುದು ಏನೂ ಉಳಿಯುವುದಿಲ್ಲ. ರಾತ್ರಿ ಪಾಳಿಯ ವಿಷಯದಲ್ಲೂ ಹಾಗೆ. ಕರ್ನಾಟಕದಲ್ಲಿ 2019ರಿಂದ ಕಾರ್ಖಾನೆಗಳಲ್ಲಿ ಮಹಿಳೆಯರು ರಾತ್ರಿ ದುಡಿಯಲು ಅವಕಾಶವಿದೆ. ಸುರಕ್ಷತೆ, ಸಾರಿಗೆ ಸೇರಿದಂತೆ ಷರತ್ತುಗಳಿವೆ, ಮಹಿಳೆಯ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆ ಅವಳದ್ದೇ. ಗಂಡನ ಸಹಿಯನ್ನು ಯಾವ ನಿಯಮವೂ ಕೇಳುವುದಿಲ್ಲ.

ಹೆರಿಗೆ ರಜೆಯ ಖರ್ಚಿನ ಭಯವನ್ನೂ ಇಲ್ಲಿ ತೂಗಿ ನೋಡಬೇಕು, ಏಕೆಂದರೆ ಮದುವೆಯ ಪ್ರಶ್ನೆಯ ತಳದಲ್ಲಿ ಇರುವುದು ಅದೇ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ. ಸಣ್ಣ ಮಾಲೀಕ ಇದನ್ನು ಕೇಳಿಯೇ ಹಿಂಜರಿಯುತ್ತಾನೆ. ಆದರೆ ಸಂಸ್ಥೆ ಇಎಸ್‌ಐ ವ್ಯಾಪ್ತಿಯಲ್ಲಿದ್ದು, ನೌಕರಳ ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇದ್ದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ಆ 26 ವಾರಗಳ ಹಣ ಕೊಡುವುದು ಇಎಸ್‌ಐ ನಿಗಮ, ಮಾಲೀಕನಲ್ಲ. ಮಾಲೀಕ ಪ್ರತಿ ತಿಂಗಳು ಕಟ್ಟುವ ವಂತಿಗೆ ಗಂಡಸಿಗೂ ಹೆಂಗಸಿಗೂ ಒಂದೇ. ಸ್ಥಳೀಯ ಆರಂಭದ ಸಂಬಳಗಳಲ್ಲಿ ಹೆಚ್ಚಿನವು ಈ ಮಿತಿಯೊಳಗೇ ಬರುವುದರಿಂದ ಆ ಭಯಕ್ಕೆ ಬಹಳ ಕಡೆ ಆಧಾರವೇ ಇಲ್ಲ. ಲೆಕ್ಕಪತ್ರ ಗೊತ್ತಿರುವ ಅಭ್ಯರ್ಥಿ ಸಂದರ್ಶನದಲ್ಲಿ ಇದನ್ನು ವಿನಯದಿಂದಲೇ ಹೇಳಬಹುದು.

ಬರೆಯದಿರುವುದು ಬೇರೆ, ಸುಳ್ಳು ಬರೆಯುವುದು ಬೇರೆ. ಕೆಲಸ ಸಿಗಲಿ ಎಂದು ವಿವಾಹಿತೆಯೊಬ್ಬಳು ‘ಅವಿವಾಹಿತೆ’ ಎಂದು ಬರೆದರೆ ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತಾಳೆ. ಆಯ್ಕೆಯಾದ ಮೇಲೆ ತುಂಬುವ ಭವಿಷ್ಯನಿಧಿಯ ಫಾರಂ 11ರಲ್ಲಿ ವೈವಾಹಿಕ ಸ್ಥಿತಿಯ ಕಾಲಂ ಇದೆ. ಇಎಸ್‌ಐ ಘೋಷಣೆಯಲ್ಲಿ ಕುಟುಂಬದವರ ಹೆಸರು ಬರೆಯಬೇಕು, ಇಲ್ಲವಾದರೆ ಅವರಿಗೆ ಆಸ್ಪತ್ರೆ ಸೌಲಭ್ಯ ಸಿಗುವುದಿಲ್ಲ. ಈ ವಿವರಗಳಿಗೆ ನ್ಯಾಯವಾದ ಜಾಗ ಅದು. ಅಲ್ಲಿ ಕೇಳುವುದು ಸೌಲಭ್ಯ ಕೊಡುವುದಕ್ಕೆ. ಆಯ್ಕೆ ಆಗಲೇ ಮುಗಿದಿರುತ್ತದೆ.

ಫೋಟೊ ವಿಷಯದಲ್ಲಿ ಹೇಳಬೇಕಾದದ್ದು ಎರಡು. ಚೆಂದದ ಫೋಟೊ ಹಾಕಿದರೆ ಕರೆ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಇಸ್ರೇಲ್‌ನಲ್ಲಿ ರಫಲ್ ಮತ್ತು ಶ್ತುದಿನೆರ್ ಎಂಬ ಸಂಶೋಧಕರು 2,656 ಹುದ್ದೆಗಳಿಗೆ 5,312 ರೆಸ್ಯೂಮ್‌ಗಳನ್ನು ಜೋಡಿಯಾಗಿ ಕಳಿಸಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಚೆಲುವ ಗಂಡಸರ ಫೋಟೊಗೆ ಹೆಚ್ಚು ಕರೆ ಬಂತು. ಹೆಂಗಸರಲ್ಲಿ ಮಾತ್ರ ಎಲ್ಲಕ್ಕಿಂತ ಹೆಚ್ಚು ಕರೆ ಬಂದದ್ದು ಫೋಟೊ ಇಲ್ಲದ ರೆಸ್ಯೂಮ್‌ಗಳಿಗೆ. ಚೆಲುವೆಯರ ಫೋಟೊ ಇದ್ದವು ಅದಕ್ಕಿಂತ ಸ್ಪಷ್ಟವಾಗಿ ಹಿಂದೆ ಬಿದ್ದವು. ದೇಶ ಬೇರೆ, ಸಮಾಜ ಬೇರೆ, ನಿಜ. ಆದರೂ ಫೋಟೊದಿಂದ ಲಾಭವೇ ಎಂಬ ನಂಬಿಕೆಯನ್ನು ಅಲುಗಾಡಿಸಲು ಅಷ್ಟು ಸಾಕು.

ಎರಡನೆಯದು ಇನ್ನೂ ಹತ್ತಿರದ್ದು. ಈಗ ರೆಸ್ಯೂಮ್ ಹೋಗುವುದು ವಾಟ್ಸಾಪ್‌ನಲ್ಲಿ. ಪರಿಚಯದವರು ಗುತ್ತಿಗೆದಾರನಿಗೆ, ಗುತ್ತಿಗೆದಾರ ಇನ್ನೊಬ್ಬನಿಗೆ, ಅಲ್ಲಿಂದ ಉದ್ಯೋಗ ಮಾಹಿತಿಯ ಗುಂಪಿಗೆ. ಒಂದೇ ಪುಟದಲ್ಲಿ ಹೆಣ್ಣುಮಗಳ ಫೋಟೊ, ಮೊಬೈಲ್ ನಂಬರು, ವಯಸ್ಸು, ‘ಅವಿವಾಹಿತೆ’, ಊರಿನ ವಿಳಾಸ ಇಷ್ಟೂ ಸೇರಿದ ಪಿಡಿಎಫ್ ಯಾರ ಯಾರ ಫೋನಿನಲ್ಲಿ ಕೂತಿದೆ ಎಂದು ಕಳಿಸಿದವಳಿಗೆ ಗೊತ್ತಾಗುವುದಿಲ್ಲ. ಹೊತ್ತಲ್ಲದ ಹೊತ್ತಿನ ಕರೆಗಳು ಶುರುವಾಗುವುದು ಇಂಥ ಕಡೆಯಿಂದ. ಜನ್ಮ ದಿನಾಂಕ ಮತ್ತು ಫೋಟೊ ಸೇರಿದರೆ ನಕಲಿ ಖಾತೆ ತೆರೆಯುವವರಿಗೂ ಅನುಕೂಲ. ಇದೊಂದು ಕಾರಣಕ್ಕೇ ಫೋಟೊವನ್ನು ರೆಸ್ಯೂಮ್‌ನಿಂದ ಹೊರಗಿಡುವುದು ಸರಿ. ಪ್ರಕಟಣೆಯಲ್ಲಿ ಫೋಟೊ ಕೇಳಿದ್ದರೆ, ಬ್ಯಾಂಕ್ ಅಥವಾ ದೊಡ್ಡ ಕಂಪನಿಯ ಅರ್ಜಿಯಲ್ಲಿ ಅದಕ್ಕೆ ಜಾಗವಿದ್ದರೆ, ಕೊಡಬೇಕು; ಆಸ್ಪತ್ರೆಯ ಸ್ವಾಗತ ಕೌಂಟರ್, ಖಾಸಗಿ ಶಾಲೆಯಂಥ ಕಡೆ ಕೇಳುವುದುಂಟು. ಆಗಲೂ ಪ್ರತ್ಯೇಕವಾಗಿ, ಸಂಸ್ಥೆಯ ಇಮೇಲ್‌ಗೇ ಕಳಿಸಬೇಕು, ಇಲ್ಲವೇ ಸಂದರ್ಶನಕ್ಕೆ ಹೋಗುವಾಗ ಕೈಯಲ್ಲಿ ಒಯ್ಯಬೇಕು. ಸಾದಾ ಹಿನ್ನೆಲೆಯ, ಇತ್ತೀಚಿನ ಪಾಸ್‌ಪೋರ್ಟ್ ಫೋಟೊ ಸಾಕು. ಮದುವೆ ಸಮಾರಂಭದ ಗುಂಪುಚಿತ್ರದಿಂದ ಕತ್ತರಿಸಿದ್ದು ಬೇಡ.

ಇಷ್ಟನ್ನೂ ಒಂದು ಕಲ್ಪಿತ ಉದಾಹರಣೆಗೆ ಹಚ್ಚಿ ನೋಡಬಹುದು. ತವರು ಕುಕನೂರು, ಗಂಡನ ಮನೆ ಗಂಗಾವತಿ. ಬಿಕಾಂ ಮುಗಿಸಿ ಎರಡು ವರ್ಷ ಲೆಕ್ಕಪರಿಶೋಧಕರ ಕಚೇರಿಯಲ್ಲಿ ದುಡಿದು, ಮಗುವಾದ ಮೇಲೆ ಮೂರು ವರ್ಷ ಮನೆಯಲ್ಲಿದ್ದ 29ರ ಹೆಣ್ಣುಮಗಳು. ಗಂಗಾವತಿ–ಕಾರಟಗಿ ಭಾಗದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಖಾಲಿ ಇದೆ. ಡಿಟಿಪಿ ಅಂಗಡಿಯಲ್ಲಿ ಸಿದ್ಧವಾದ ಸಾರಾಂಶ ಹೀಗಿರುತ್ತದೆ: ‘29 ವರ್ಷದ ವಿವಾಹಿತ ಮಹಿಳೆ, ಒಂದು ಮಗು. ಬಿಕಾಂ ಪದವೀಧರೆ. ಶ್ರಮಜೀವಿ, ಪ್ರಾಮಾಣಿಕಳು. ಉತ್ತಮ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಗುರಿ.’ ಮೇಲೆ ಫೋಟೊ.

ಗಿರಣಿ ಮಾಲೀಕ ಇದನ್ನು ಓದಿ ತಿಳಿದುಕೊಂಡದ್ದು ಎಷ್ಟು? ವಯಸ್ಸು, ಮದುವೆ, ಮಗು ಎಂಬ ಮೂರು ಸಂಗತಿ. ಅವನಿಗೆ ಬೇಕಾದದ್ದು ಭತ್ತ ಒಳಬರುವಾಗ ತೂಕದ ಚೀಟಿಗೂ ಖರೀದಿ ಪುಸ್ತಕಕ್ಕೂ ತಾಳೆ ನೋಡುವವರು, ಅಕ್ಕಿ ಲಾರಿ ಹೊರಡುವಾಗ ಇ–ವೇ ಬಿಲ್ ಮಾಡುವವರು, ತಿಂಗಳ ಜಿಎಸ್‌ಟಿ ರಿಟರ್ನ್ ದಿನ ತಪ್ಪದೆ ತುಂಬುವವರು. ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ ತೆರಿಗೆ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ ಎಂಬುದು ಗೊತ್ತಿರುವವರು ಸಿಕ್ಕರೆ ಅವನಿಗೆ ಅರ್ಧ ತಲೆನೋವು ಕಡಿಮೆ. ಆದ್ದರಿಂದ ಸಾರಾಂಶ ಹೀಗೆ ಬರಬೇಕು: ‘ಬಿಕಾಂ, ಲೆಕ್ಕಪರಿಶೋಧಕರ ಕಚೇರಿಯಲ್ಲಿ 2 ವರ್ಷದ ಅನುಭವ. ಟ್ಯಾಲಿಯಲ್ಲಿ ಖರೀದಿ–ಮಾರಾಟ ದಾಖಲೆ, ಇ–ವೇ ಬಿಲ್, ತಿಂಗಳ ಜಿಎಸ್‌ಟಿ ರಿಟರ್ನ್ ಸ್ವತಂತ್ರವಾಗಿ ಮಾಡಬಲ್ಲೆ. ಅಕ್ಕಿ ಗಿರಣಿಗಳ ಲೆಕ್ಕ ನೋಡಿದ ಅನುಭವವಿದೆ. ವಾಸ ಗಂಗಾವತಿ, ತಕ್ಷಣ ಸೇರಲು ಸಿದ್ಧ.’ ಇದರಲ್ಲಿ ಬರೆದ ಪ್ರತಿಯೊಂದೂ ನಿಜವಾಗಿರಬೇಕು. ಗಿರಣಿಯ ಲೆಕ್ಕ ನೋಡಿರದಿದ್ದರೆ ಆ ವಾಕ್ಯ ಬಿಡಬೇಕು. ಇಂಗ್ಲಿಷ್‌ನಲ್ಲಿ ಬರೆದರೂ ಸಂಗತಿಗಳು ಇವೇ.

ಮೂರು ವರ್ಷದ ಖಾಲಿ ಅವಧಿ ಉಳಿಯಿತು. ಅದನ್ನು ಸಾರಾಂಶದಲ್ಲಿ ವಿವರಿಸಬೇಕಾಗಿಲ್ಲ. ಅನುಭವದ ಪಟ್ಟಿಯಲ್ಲಿ ವರ್ಷಗಳನ್ನು ತಿರುಚದೆ ಹಾಗೇ ಬರೆಯಬೇಕು. ಅದರ ಕೆಳಗೆ ‘ಕುಟುಂಬದ ಜವಾಬ್ದಾರಿಯ ಕಾರಣ ವಿರಾಮ, ಈಗ ಪೂರ್ಣಾವಧಿ ಕೆಲಸಕ್ಕೆ ಲಭ್ಯ’ ಎಂಬ ಒಂದು ಸಾಲು ಸಾಕು. ವಿರಾಮದ ಕಾಲದಲ್ಲಿ ಬದಲಾದ ತೆರಿಗೆ ನಿಯಮಗಳನ್ನು ಓದಿಕೊಂಡು ಹೋದರೆ ಆ ಸಾಲಿಗೆ ಬಲ ಬರುತ್ತದೆ.

ರೆಸ್ಯೂಮ್‌ನಲ್ಲಿ ಇಲ್ಲದ್ದನ್ನು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ‘ಲಗ್ನ ಆಗೇತೇನವಾ? ಮನ್ಯಾಗ ಯಾರ್ಯಾರ ಅದಾರ?’ ಎಂದು ಹಿರಿಯ ಮಾಲೀಕ ಕೇಳುವುದರಲ್ಲಿ ಬಹಳ ಸಲ ಕೆಟ್ಟ ಉದ್ದೇಶವಿರುವುದಿಲ್ಲ. ಈ ಭಾಗದಲ್ಲಿ ಮಾತು ಶುರುವಾಗುವುದೇ ಹಾಗೆ. ಸಿಟ್ಟಾಗುವುದೂ ಬೇಡ, ಸುಳ್ಳೂ ಬೇಡ. ‘ಹೌದ್ರಿ ಸರ್, ಮನಿ ಇಲ್ಲೇ ಗಂಗಾವತ್ಯಾಗ ಐತ್ರಿ. ಮಗೂನ್ನ ಅತ್ತಿ ನೋಡ್ಕೊತಾರ್ರಿ. ಸುಗ್ಗಿ ದಿನದಾಗ ಸಂಜಿ ಒಂದ್ ತಾಸು ಹೆಚ್ಚಿಗಿ ಕುಂತ್ರೂ ತೊಂದ್ರಿ ಇಲ್ರಿ’ ಎಂದು ಹೇಳಿದರೆ ಪ್ರಶ್ನೆಗೂ ಉತ್ತರವಾಯಿತು, ಪ್ರಶ್ನೆಯ ಹಿಂದಿನ ಅನುಮಾನಕ್ಕೂ ಉತ್ತರವಾಯಿತು. ಅಷ್ಟು ಹೊತ್ತಿಗೆ ಮಾಲೀಕ ಅವಳ ಕೆಲಸದ ಬಗ್ಗೆ ಓದಿರುತ್ತಾನೆ, ಎದುರಿಗೆ ಕೂತು ಮಾತಾಡಿರುತ್ತಾನೆ. ಕಾಗದದ ಮೇಲೆ ಅದೇ ವಿವರವನ್ನು ಮೊದಲೇ ಓದಿದ್ದರೆ ಈ ಮಾತುಕತೆಯೇ ನಡೆಯದೆ ಹೋಗುವ ಸಾಧ್ಯತೆ ಇತ್ತು. ಮಕ್ಕಳು ಯಾವಾಗ, ಇನ್ನೊಂದು ಬೇಕೇ ಎಂಬಲ್ಲಿಗೆ ಪ್ರಶ್ನೆ ಹೋದರೆ, ‘ಅದು ಕೆಲಸಕ್ಕ ಅಡ್ಡ ಬರೂದಿಲ್ರಿ’ ಎಂದು ಅಲ್ಲಿಗೇ ನಿಲ್ಲಿಸುವ ಹಕ್ಕು ಅಭ್ಯರ್ಥಿಗೆ ಇದೆ. ಅಂಥ ಕಡೆ ಕೆಲಸ ಸಿಕ್ಕರೂ ಒಪ್ಪುವ ಮೊದಲು ಇನ್ನೊಮ್ಮೆ ಯೋಚಿಸಬೇಕು.

ಕೊನೆಗೆ, ಡಿಟಿಪಿ ಅಂಗಡಿಯಲ್ಲಿ ರೆಸ್ಯೂಮ್ ಮಾಡಿಸುವವರು ಮಾಡಬೇಕಾದ ಒಂದು ಕೆಲಸವಿದೆ. ಅಂಗಡಿಯವರು ಹಳೆಯ ಫೈಲ್ ತೆರೆದಾಗ, ಫೋಟೊ, ವೈವಾಹಿಕ ಸ್ಥಿತಿ, ಧರ್ಮ, ತಂದೆಯ ಹೆಸರಿನ ಸಾಲುಗಳನ್ನು ಅಳಿಸಲು ಹೇಳಿ. ಜನ್ಮ ದಿನಾಂಕ ಬೇಕಿದ್ದರೆ ಕೊನೆಗೆ ಒಂದೇ ಸಾಲು ಉಳಿಸಿಕೊಳ್ಳಿ. ಮೇಲೆ ಖಾಲಿಯಾದ ಜಾಗದಲ್ಲಿ ಬಲ್ಲ ಕೆಲಸ, ಅನುಭವದ ವರ್ಷ, ವಾಸದ ಊರು, ಬರಬಲ್ಲ ಪಾಳಿ ಬರೆಸಿ.